ಬೀಜಮೂಲ ಬಂದ್ ಮಾಡಿದ ವರ್ಷ

ಹಳೆಯ ಸಾಫ್ಟ್‌ವೇರ್‌ಗಳನ್ನು ಬಂದ್ ಮಾಡಿಸುವುದು ರೋಹಿಣಿ ಕುರಡಗಿಯ ಕೆಲಸ. ಯಾರಾದರೂ ಕೇಳಿದರೆ ಅವಳು ಹಾಗೆಯೇ ಹೇಳುತ್ತಿದ್ದಳು. ಸಂಶಿಯಲ್ಲಿ ಹತ್ತಿಕಾಳು, ಹಿಂಡಿ ಮಾರುವ ಅಂಗಡಿ ಇಟ್ಟಿದ್ದ ಅವಳ ತಂದೆ ಕುಬೇರಪ್ಪನವರಿಗೆ ಮಾತ್ರ ಅದು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. “ಮಂದಿ ಹೊಸಾದು ಮಾಡಿ ಪಗಾರ ತಗೋತಾರ. ನೀ ನಡದದ್ದನ್ನ ನಿಲ್ಲಿಸಿ ತಗೋತೀಯಲ್ಲ ಬೇ,” ಎಂದು ನಗುತ್ತಿದ್ದರು.

ಕುಂದಗೋಳದ ಹೊರಗೆ, ಸಂಶಿ ರಸ್ತೆಗೆ ಹತ್ತಿಕೊಂಡು ಬೆಣ್ಣಿಹಳ್ಳ ಸೀಡ್ಸ್ ಎಂಬ ಬೀಜದ ಕಂಪನಿಯ ಘಟಕವಿದೆ. ಸುತ್ತಲಿನ ರೈತರ ಹೊಲದಲ್ಲಿ ಕಡಲೆ, ಹೆಸರು, ಜೋಳದ ಬೀಜ ಬೆಳೆಸಿ, ಸ್ವಚ್ಛ ಮಾಡಿ, ಚೀಲ ತುಂಬಿ ಮಾರುವುದು ಅದರ ವ್ಯವಹಾರ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಮೇಲೆ ರೋಹಿಣಿ ಸೇರಿದ್ದು ಅಲ್ಲಿಗೇ. ಆಗ ಕಂಪನಿ ಸಣ್ಣದು. ‘ಬೀಜಮೂಲ’ ಎಂಬ ಸಾಫ್ಟ್‌ವೇರ್ ಅನ್ನು ಅವಳೂ ಇನ್ನೊಬ್ಬ ಸಹೋದ್ಯೋಗಿಯೂ ಕೂಡಿ ಅಲ್ಲಿಯೇ ಬರೆದರು. ಯಾವ ರೈತನ ಯಾವ ಹೊಲದಿಂದ ಯಾವ ವರ್ಷದ ಬೀಜ ಬಂತು, ಗೋದಾಮಿನ ಯಾವ ಸಾಲಿನಲ್ಲಿ ಒಟ್ಟಿದರು, ಪ್ರಯೋಗಾಲಯದಲ್ಲಿ ಎಷ್ಟು ಕಾಳು ಮೊಳೆತವು, ಮತ್ತೆ ಯಾವಾಗ ಪರೀಕ್ಷೆ ಮಾಡಬೇಕು, ಇದಿಷ್ಟೂ ಅದರಲ್ಲಿತ್ತು. ಮುಂದೆ ಕಂಪನಿ ಬೆಳೆಯಿತು, ರೋಹಿಣಿಯೂ ಬೆಳೆದಳು. ಎಲ್ಲ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿರಬೇಕು ಎಂದು ನಿರ್ಧರಿಸುವ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಆದಳು.

ಬೆಣ್ಣಿಹಳ್ಳವನ್ನು ಹೊರಗಿನ ದೊಡ್ಡ ಸಮೂಹವೊಂದು ಕೊಂಡಿತು. ಅದರ ಮೂಲ ವ್ಯಾಪಾರ ಕೀಟನಾಶಕದ್ದು. ಇನ್ನೆರಡು ಸಣ್ಣ ಕಂಪನಿಗಳನ್ನೂ ಅದು ಆಗಲೇ ಕೊಂಡಿತ್ತು. ಖರೀದಿ, ದಾಸ್ತಾನು, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಕಡೆ ನಡೆಸುವ ಈಆರ್‌ಪಿ ಒಂದೊಂದು ಕಂಪನಿಯಲ್ಲಿ ಒಂದೊಂದಿತ್ತು. ಸಮೂಹ ಅವನ್ನೆಲ್ಲ ತೆಗೆದು ಎಲ್ಲರಿಗೂ ತನ್ನದೊಂದನ್ನೇ ಹಾಕಿತು. ಸಂಕ್ರಾಂತಿಯ ಹೊತ್ತಿಗೆ ಕುಂದಗೋಳದಲ್ಲೂ ಅದು ಶುರುವಾಯಿತು. ಆಮೇಲೆ ಉಳಿದ ಪ್ರಶ್ನೆ, ಹೊಸ ಈಆರ್‌ಪಿ ಮಾಡುವ ಕೆಲಸವನ್ನೇ ಮಾಡುತ್ತಾ ಮೂಲೆಮೂಲೆಯಲ್ಲಿ ಬದುಕಿರುವ ಹಳೆಯ ಸಾಫ್ಟ್‌ವೇರ್‌ಗಳನ್ನು ಏನು ಮಾಡುವುದು?

ಇದನ್ನು ವಿಂಗಡಿಸುವ ಹೊಣೆ ರೋಹಿಣಿಗೆ ಬಂತು. ಅವಳು ಮೊದಲು ಕಂಪನಿ ಮಾಡುವ ಕೆಲಸಗಳನ್ನು ಒಂದು ನಕ್ಷೆಯ ಹಾಗೆ ಬರೆದು, ಪ್ರತಿ ಕೆಲಸದ ಕೆಳಗೆ ಅದನ್ನು ಮಾಡುವ ಸಾಫ್ಟ್‌ವೇರ್‌ಗಳನ್ನು ಕೂಡಿಸಿದಳು. ಒಂದೇ ಕೆಲಸದ ಕೆಳಗೆ ಎರಡು ಮೂರು ಹೆಸರು ಬಂದರೆ ಅಲ್ಲಿ ಪುನರಾವರ್ತನೆ ಇದೆ ಎಂದರ್ಥ. ಆಗ ಪ್ರತಿಯೊಂದರ ಉಪಯೋಗವೆಷ್ಟು, ತಾಂತ್ರಿಕ ಸ್ಥಿತಿ ಹೇಗಿದೆ, ನಡೆಸುವ ಖರ್ಚೆಷ್ಟು ಎಂದು ತೂಗಿ ನಾಲ್ಕರಲ್ಲೊಂದು ತೀರ್ಪು ಕೊಡಬೇಕು: ಇದ್ದಂತೆ ಇಡುವುದು, ಸುಧಾರಿಸುವುದು, ಕೆಲಸವನ್ನು ಹೊಸದಕ್ಕೆ ಸಾಗಿಸಿ ಆಮೇಲೆ ತೆಗೆಯುವುದು, ಅಥವಾ ನೇರ ಬಂದ್ ಮಾಡುವುದು.

ಬಂದ್ ಮಾಡಲು ಅವಳ ಕೈ ಎಂದೂ ಹಿಂಜರಿಯಲಿಲ್ಲ. ಎರಡು ಪಗಾರದ ಸಾಫ್ಟ್‌ವೇರ್‌ಗಳಿದ್ದವು, ಒಂದನ್ನು ತೆಗೆದಳು. ಗೇಟ್ ಪಾಸಿಗೆಂದೇ ಮೂರಿದ್ದವು, ಆ ಕೆಲಸ ಈಆರ್‌ಪಿಯಲ್ಲೇ ಇದ್ದುದರಿಂದ ಮೂರನ್ನೂ ತೆಗೆದಳು. ಅಣ್ಣಿಗೇರಿ ಖರೀದಿ ಕೇಂದ್ರದ ತೂಕದ ಸಾಫ್ಟ್‌ವೇರ್ ತೆಗೆಯುವಾಗ ಅಲ್ಲಿಯವರು ಜಗಳಕ್ಕೇ ನಿಂತರು. “ಇದರಾಗೊಂದು ತೂಕ, ಅದರಾಗೊಂದು ತೂಕ ಬಂದ್ರ ರೈತರಿಗೆ ಯಾವುದನ್ನ ತೋರಸ್ತೀರಿ?” ಎಂದು ಕೇಳಿ ಸುಮ್ಮನಾಗಿಸಿದಳು. ಒಂದೇ ಸಂಗತಿಗೆ ಎರಡು ಕಡೆ ದಾಖಲೆ ಇದ್ದರೆ ಕೊನೆಗೆ ಎರಡನ್ನೂ ನಂಬಲಾಗುವುದಿಲ್ಲ ಎಂಬುದು ಅವಳ ಅನುಭವ.

ಬೀಜಮೂಲವೂ ಒಂದು ದಿನ ಹೋಗಬೇಕಾದದ್ದೇ ಎಂದು ಅವಳಿಗೆ ಗೊತ್ತಿತ್ತು. ಅದರ ಡೇಟಾಬೇಸ್ ಹಳತು, ರಿಪೇರಿ ಮಾಡಬಲ್ಲವರು ಕಡಿಮೆ. ಆದರೆ ಅದರ ಮುಂದೆ ಅವಳು ‘ಸಾಗಿಸಿ ತೆಗೆಯುವುದು’ ಎಂದು ಬರೆದಿದ್ದಳು. ಅದಕ್ಕೆ ಕಾರಣವಿತ್ತು. ಕೀಟನಾಶಕದ ಕಾರ್ಖಾನೆಯಲ್ಲಿ ಒಂದೇ ಟ್ಯಾಂಕಿನಿಂದ ಬಂದ ಬಾಟಲಿಗಳೆಲ್ಲ ಒಂದೇ ಗುಣದವು. ಅವಕ್ಕೆ ಒಂದು ಬ್ಯಾಚ್ ನಂಬರು, ಒಂದು ಪರೀಕ್ಷೆ ಸಾಕು. ಆ ಅಚ್ಚನ್ನೇ ಸಮೂಹ ಬೀಜಕ್ಕೂ ಒತ್ತಿತ್ತು. ಒಂದು ಕೇಂದ್ರಕ್ಕೆ ಬಂದ ಒಂದು ತಳಿಯ ಬೀಜವೆಲ್ಲ ಈಆರ್‌ಪಿಯಲ್ಲಿ ಒಂದೇ ಬ್ಯಾಚ್. ಹತ್ತು ರೈತರ ಹೊಲದ ಕಾಳು ಅಲ್ಲಿ ಒಂದೇ ಹೆಸರಿನಡಿ ಸೇರಿಹೋಗುತ್ತಿತ್ತು. ರೈತ ರೈತನದು ಬೇರೆಬೇರೆ ಬ್ಯಾಚ್ ಮಾಡಲು ಆ ಈಆರ್‌ಪಿಗೆ ಬರುತ್ತಿರಲಿಲ್ಲ ಎಂದಲ್ಲ. ಹಾಗೆ ಹೊಂದಿಸಲು ಯಾರಿಗೂ ಪುರಸೊತ್ತಿರಲಿಲ್ಲ.

ಈ ಕಾರ್ಯಕ್ರಮದ ಮುಖ್ಯಸ್ಥ ಸುದೀಪ. ಸಮೂಹದ ಮುಖ್ಯ ಕಚೇರಿಯವನು, ಮಾತು ಮೆದು, ಕೈಯಲ್ಲಿ ಸದಾ ಒಂದು ಪಟ್ಟಿ. ಮಾರ್ಚಿಯ ಮೊದಲ ವಾರ ಕುಂದಗೋಳಕ್ಕೆ ಬಂದು ಸಭೆ ಕರೆದ. ಬೀಜ ಪ್ರಯೋಗಾಲಯದ ಮುಖ್ಯಸ್ಥೆ ಸುಲ್ತಾನಾ ಕೂಡ ಇದ್ದಳು. ದಾಖಲೆಯ ಪ್ರಕಾರ ಬೀಜಮೂಲದ ಒಡತಿ ಅವಳೇ, ಅವಳ ಸಹಿ ಇಲ್ಲದೆ ಅದನ್ನು ತೆಗೆಯುವಂತಿಲ್ಲ.

“ಬ್ಯಾಚ್ ನಿರ್ವಹಣೆ ಈಆರ್‌ಪಿಯಲ್ಲಿದೆ. ಬೀಜಮೂಲದಲ್ಲೂ ಇದೆ. ಇದಕ್ಕಿಂತ ಸ್ಪಷ್ಟ ಪುನರಾವರ್ತನೆ ಇನ್ನೇನಿದೆ?” ಎಂದ ಸುದೀಪ.

ರೋಹಿಣಿ ಗೋದಾಮಿನಿಂದ ಒಂದು ಚೀಲದ ಲೇಬಲ್ ತರಿಸಿ ಅವನ ಮುಂದಿಟ್ಟಳು. “ಇದು ಯಾರ ಹೊಲದ್ದು ಅಂತ ನಿಮ್ಮ ಈಆರ್‌ಪಿಗೆ ಕೇಳ್ರಿ.”

ಸುದೀಪ ಪರದೆಯಲ್ಲಿ ಹುಡುಕಿದ. ‘ಕುಂದಗೋಳ ಕೇಂದ್ರ’ ಎಂಬಲ್ಲಿಗೆ ಬಂದು ದಾರಿ ನಿಂತಿತು.

“ಹೆಸರು ಒಂದೇ ಐತ್ರಿ. ಕೆಲಸ ಒಂದಲ್ಲ,” ಎಂದಳು ರೋಹಿಣಿ. “ಮೊದಲ ಈ ಕೆಲಸ ಅದರಾಗ ಕೂಡಸ್ರಿ. ಆಮ್ಯಾಲೆ ನಾನ ಮುಂದ ನಿಂತು ಬೀಜಮೂಲ ಬಂದ್ ಮಾಡ್ತೀನಿ.”

“ಅದು ಎರಡನೇ ಹಂತದಲ್ಲಿ ಬರುತ್ತೆ. ಈ ಆರ್ಥಿಕ ವರ್ಷದೊಳಗೆ ಇಷ್ಟು ಅಪ್ಲಿಕೇಶನ್ ನಿವೃತ್ತಿ ಆಗಬೇಕು ಅಂತ ಗುರಿ ಇದೆ, ಮೇಡಂ. ನೀವು ಬರೆದ ಸಾಫ್ಟ್‌ವೇರ್ ಅಂತ ನಿಮಗೆ ಮೋಹ. ಅರ್ಥವಾಗುತ್ತೆ.”

ರೋಹಿಣಿಯ ಮುಖ ಕೆಂಪಾಯಿತು. ತನ್ನ ಕೈಯಾರೆ ಅಷ್ಟೊಂದು ಸಾಫ್ಟ್‌ವೇರ್‌ಗಳನ್ನು ತೆಗೆದವಳಿಗೆ ಮೋಹದ ಮಾತು! ಒಬ್ಬ ಗಂಡಸು ಇದೇ ಆಕ್ಷೇಪ ಎತ್ತಿದ್ದರೆ ಅದನ್ನು ‘ಅಪಾಯ’ ಎಂದು ಬರೆದುಕೊಳ್ಳುತ್ತಿದ್ದರು. ಅವಳು ಎತ್ತಿದ್ದಕ್ಕೆ ಅದು ಮೋಹವಾಯಿತು.

ಸುಲ್ತಾನಾ ಸಹಿ ಮಾಡಲಿಲ್ಲ. ಅದಕ್ಕೆ ಸುದೀಪ ಕಂಡುಕೊಂಡ ಉಪಾಯ ಬಹಳ ಸರಳವಾಗಿತ್ತು. ಒಂದು ವಾರದಲ್ಲಿ ‘ಒಡೆತನ’ದ ಜಾಗದಲ್ಲಿ ಅವಳ ಹೆಸರು ಹೋಗಿ ಮುಖ್ಯ ಕಚೇರಿಯ ಗುಣಮಟ್ಟ ವಿಭಾಗದ ಹೆಸರು ಬಂತು. ಬೀಜಮೂಲವನ್ನು ಒಮ್ಮೆಯೂ ತೆರೆದು ನೋಡದವರೊಬ್ಬರು ಅಲ್ಲಿ ಕುಳಿತು ಸಹಿ ಹಾಕಿದರು. ರೋಹಿಣಿ ಬರೆದ ತೀರ್ಪು ‘ಬಂದ್’ ಎಂದು ಬದಲಾಯಿತು. ಅವಳ ಆಕ್ಷೇಪವನ್ನು ‘ಗಮನಿಸಲಾಗಿದೆ’ ಎಂಬ ಒಂದು ಶಬ್ದದಡಿ ಹೂತರು. ಮಾರ್ಚಿ ಕೊನೆಗೆ ಹೊಸ ಸುಗ್ಗಿಯ ಕಡಲೆ ಬೀಜವೆಲ್ಲ ಗೋದಾಮು ಸೇರಿತ್ತು. ಅದರ ವಿವರ ಬರೆದುಕೊಂಡ ಮೇಲೆ ಬೀಜಮೂಲದ ಬಾಗಿಲು ಮುಚ್ಚಿತು.

ಒಂದು ವಿಷಯದಲ್ಲಿ ಮಾತ್ರ ಅವಳು ಜಗ್ಗಲಿಲ್ಲ. ಸಾಫ್ಟ್‌ವೇರ್ ನಿಂತ ಮೇಲೆ ಅದರ ಡೇಟಾವನ್ನು ಅಳಿಸಲು ಆರ್ಕಿಟೆಕ್ಟ್ ಆದ ಅವಳ ಒಪ್ಪಿಗೆ ಬೇಕು. ಸುದೀಪನ ತಂಡ ಹಳೆಯ ವರದಿಗಳನ್ನು ಒಂದು ಫೋಲ್ಡರಿಗೆ ಹಾಕಿ “ಇಷ್ಟೇ ಸಾಕು” ಎಂದಿತು. ಅವುಗಳಲ್ಲಿ ಮೊತ್ತಗಳಿದ್ದವು. ಯಾವ ಕಾಳು ಯಾವ ಹೊಲದ್ದೆಂಬ ಕೊಂಡಿಯೇ ಇರಲಿಲ್ಲ. ರೋಹಿಣಿ ಒಪ್ಪಿಗೆ ಕೊಡಲಿಲ್ಲ. ಸರ್ವರ್ ನೋಡಿಕೊಳ್ಳುವ ಅಕೀಲನಿಗೆ, “ಒಂದ ಬಿತ್ತಿಗಿ ಹಂಗಾಮ ಪೂರಾ ಮುಗಿಯೂತನಕ ಮುಟ್ಟಬ್ಯಾಡ್ರಿ,” ಎಂದು ಬರೆದು ತಿಳಿಸಿದಳು.

ಅಕ್ಟೋಬರಿನಲ್ಲಿ ಹಿಂಗಾರಿಯ ಕಡಲೆ ಬಿತ್ತನೆಯಾಯಿತು. ಹದವಾದ ಎರೆ ಮಣ್ಣು, ಕಾಲಕ್ಕೆ ಸರಿಯಾಗಿ ಬಿದ್ದ ಮಳೆ. ಆದರೆ ನವಲಗುಂದ, ಅಣ್ಣಿಗೇರಿ ಕಡೆಯಿಂದ ಫೋನುಗಳು ಶುರುವಾದವು. ಬೆಣ್ಣಿಹಳ್ಳದ ಬೀಜ ಹಾಕಿದ ಕೆಲವು ಹೊಲಗಳಲ್ಲಿ ಸಾಲಿಗೆ ಸಾಲೇ ಖಾಲಿ. ಪಕ್ಕದ ಹೊಲ ಹಸಿರಾಗಿತ್ತು, ಆದ್ದರಿಂದ ನೆಲದ ತಪ್ಪಲ್ಲ. ಮುಖ್ಯ ಕಚೇರಿ ಲೇಬಲ್ಲಿನ ನಂಬರು ಹಿಡಿದು ಈಆರ್‌ಪಿಯಲ್ಲಿ ಹುಡುಕಿತು. ಎಲ್ಲ ಚೀಲಗಳೂ ಕುಂದಗೋಳ ಕೇಂದ್ರದ ಒಂದೇ ಬ್ಯಾಚಿನವು. ಆ ಬ್ಯಾಚಿಗೆ ಬೀಜ ಕೊಟ್ಟವರು ಯಾರೆಂದು ಖರೀದಿಯ ಲೆಕ್ಕದಲ್ಲಿ ನೋಡಿದರೆ ಹಲವು ರೈತರ ಹೆಸರು ಬಂದವು. ಎಲ್ಲರಿಗಿಂತ ಹೆಚ್ಚು ಕೊಟ್ಟವರು ಯರಗುಪ್ಪಿಯ ಮಾಳಪ್ಪ. ಅಷ್ಟೇ ಸಾಕಾಯಿತು. ‘ಬೀಜದ ಗುಣಮಟ್ಟ ಸರಿಯಿಲ್ಲದ ಕಾರಣ ನಿಮ್ಮನ್ನು ಬೆಳೆಗಾರರ ಪಟ್ಟಿಯಿಂದ ತೆಗೆಯಲಾಗಿದೆ’ ಎಂಬ ಸಂದೇಶ ಅವರ ಮೊಬೈಲಿಗೆ ಹೋಯಿತು. ಮಾರಾಟದವರು ಅದೇ ಮಾತನ್ನು ಹಳ್ಳಿಹಳ್ಳಿಯಲ್ಲಿ ಹೇಳಿಕೊಂಡು ಬಂದರು.

ಮಾಳಪ್ಪ ಕುರಿಸಾಕಣೆಯ ಮನೆತನದವರು. ತಮ್ಮ ಕುರಿಗಳನ್ನು ರಾತ್ರಿ ಹೊಲದಲ್ಲೇ ತರುಬಿ ನಿಲ್ಲಿಸಿ ಗೊಬ್ಬರ ಮಾಡುವವರು. ಬೀಜದ ಹೊಲದಲ್ಲಿ ಬೇರೆ ತಳಿಯ ಒಂದು ಗಿಡ ಕಂಡರೂ ಕಿತ್ತೊಗೆಯುವವರು. ಸಂದೇಶ ಬಂದ ಮರುದಿನ ಮುಂಜಾನೆ ಹೆಂಡತಿ ಮಲ್ಲಕ್ಕನನ್ನು ಕರೆದುಕೊಂಡು ಘಟಕದ ಗೇಟಿಗೆ ಬಂದರು. ಕಾವಲಿನವನು ಒಳಗೆ ಬಿಡಲಿಲ್ಲ. ಆಗ ತಾನೇ ಬಂದ ರೋಹಿಣಿ ಸ್ಕೂಟಿ ನಿಲ್ಲಿಸಿದಳು.

“ಅಕ್ಕಾರ, ನನ್ನ ಬೀಜದಾಗ ಏನ ಕೆಟ್ಟಿತ್ತು, ಅದೊಂದು ತೋರಸ್ರಿ. ತೋರಿಸಿದ್ರ ಸುಮ್ನ ಹೊಳ್ಳಿ ಹೋಗ್ತೀನಿ,” ಎಂದರು ಮಾಳಪ್ಪ.

“ಕೊಟ್ಟಾಗ ನೀವ ಪರೀಕ್ಷಾ ಮಾಡಿ ಪಾಸ್ ಅಂದ್ರಿ. ಈಗ ಫೇಲ್ ಅಂತೀರಿ. ನಡುವ ಎಂಟ ತಿಂಗಳ ಆ ಬೀಜ ಯಾರ ಮನ್ಯಾಗಿತ್ತು?” ಮಲ್ಲಕ್ಕನ ದನಿ ಗೇಟಿನಾಚೆಯೂ ಕೇಳಿಸಿತು. “ನಿನ್ನೆ ಹಿಟ್ಟಿನ ಗಿರಣ್ಯಾಗ ಒಬ್ಬಾಕಿ ಕೇಳತಾಳ್ರಿ, ‘ಹುಳಾ ತಿಂದ ಕಾಳು ಕೊಟ್ಟೀರೇನ’ ಅಂತ. ಹಿಂಗ ಅನಿಸಿಕೊಳ್ಳಾಕ ನಾವೇನ ಕದ್ದೀವೇನ್ರಿ?”

ರೋಹಿಣಿ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಪ್ರಯೋಗಾಲಯದಲ್ಲಿ ಕೂಡಿಸಿದಳು. ಸುಲ್ತಾನಾ ಈಆರ್‌ಪಿ ತೆರೆದಳು. ಬ್ಯಾಚಿನ ಪರೀಕ್ಷೆ ಅಲ್ಲಿತ್ತು, ಪಾಸಾಗಿತ್ತು. ಮಾಳಪ್ಪನ ಬೀಜದ್ದೇ ಆದ ಪರೀಕ್ಷೆ ಅದರಲ್ಲಿ ಎಲ್ಲಿಯೂ ಇರಲಿಲ್ಲ.

“ಬ್ಯಾರೆ ಬ್ಯಾರೆ ರಿಸಲ್ಟ್ ಇದ್ದದ್ದು ಬೀಜಮೂಲದಾಗ,” ಎಂದಳು ಸುಲ್ತಾನಾ ಸಣ್ಣ ದನಿಯಲ್ಲಿ. ಆಮೇಲೆ ಪರದೆಯನ್ನೇ ನೋಡುತ್ತ ಕೇಳಿದಳು, “ರೋಹಿಣಿ, ಈ ಬ್ಯಾಚಿನಾಗ ಮೊದಲನೇ ಸಾಲು ನೋಡ. ಇದೇನಿದು, ಓಪನಿಂಗ್ ಸ್ಟಾಕ್?”

ಹೊಸ ಈಆರ್‌ಪಿ ಶುರುವಾದ ದಿನ ಗೋದಾಮಿನಲ್ಲಿ ಇದ್ದ ಹಳೆಯ ಮಾಲನ್ನೆಲ್ಲ ‘ಓಪನಿಂಗ್ ಸ್ಟಾಕ್’ ಎಂದು ಅದರೊಳಗೆ ಏರಿಸಿದ್ದರು. ಈ ಬ್ಯಾಚಿನಲ್ಲೂ ಅಂಥದೊಂದು ದೊಡ್ಡ ಪ್ರಮಾಣ ಕುಳಿತಿತ್ತು. ಅದರ ಮುಂದೆ ರೈತನ ಹೆಸರಿಲ್ಲ, ಸುಗ್ಗಿಯ ವರ್ಷವಿಲ್ಲ. ತಾರೀಖು ಮಾತ್ರ ಇತ್ತು, ಈಆರ್‌ಪಿ ಶುರುವಾದ ಜನವರಿಯದು.

ರೋಹಿಣಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಅದು ಹಿಂದಿನ ಸುಗ್ಗಿಯ, ಮಾರಾಟವಾಗದೆ ಉಳಿದ ಬೀಜ. ಮತ್ತೆ ಪರೀಕ್ಷೆ ಮಾಡದೆ ಅದನ್ನು ಮಾರುವಂತಿಲ್ಲ. ಹೊಸ ಸಾಫ್ಟ್‌ವೇರ್ ಅದಕ್ಕೆ ಹೊಸ ಜನ್ಮದಿನ ಕೊಟ್ಟಿತ್ತು. ಮರುಪರೀಕ್ಷೆಯ ದಿನ ಬಂದಾಗ ಎಚ್ಚರಿಸುವುದು ಬೀಜಮೂಲದ ಕೆಲಸವಾಗಿತ್ತು, ಅದರ ಬಾಯಿಯನ್ನು ಮಾರ್ಚಿಯಲ್ಲೇ ಮುಚ್ಚಿದ್ದರು. ಕೇಂದ್ರವೂ ತಳಿಯೂ ಒಂದೇ ಆದ್ದರಿಂದ ಮಾಳಪ್ಪ ಮತ್ತಿತರರ ಹೊಸ ಬೀಜ ಅದೇ ಬ್ಯಾಚಿಗೆ ಸೇರಿತು. ಪರೀಕ್ಷೆಗೆ ಮಾದರಿ ತೆಗೆದದ್ದು ಹೊಸ ಬೀಜದಿಂದ. ಪಾಸಾದದ್ದು ಹೊಸ ಬೀಜ. ಆ ಪಾಸಿನ ಲೇಬಲ್ ಹಳೆಯ ಬೀಜದ ಚೀಲಕ್ಕೂ ಬಿತ್ತು. ಮೊಳೆಯದಾದಾಗ ಅಪರಾಧಿಯನ್ನು ಹುಡುಕಿದರು. ಹಳೆಯ ಬೀಜಕ್ಕೆ ಹೆಸರಿರಲಿಲ್ಲ. ಮಾಳಪ್ಪನಿಗೆ ಹೆಸರಿತ್ತು.

ಇದು ಅವಳ ಊಹೆ. ಸಾಬೀತು ಮಾಡಲು ಬೀಜಮೂಲ ಬೇಕು. ಅವಳು ಸುದೀಪನಿಗೆ ಫೋನು ಮಾಡಿದಳು.

“ನಿವೃತ್ತಿಯಾದ ಅಪ್ಲಿಕೇಶನ್ ಮತ್ತೆ ತೆರೆದರೆ ನಮ್ಮ ಪೂರ್ತಿ ಕಾರ್ಯಕ್ರಮದ ಲೆಕ್ಕ ಕೆಡುತ್ತೆ, ಮೇಡಂ. ಮಂಡಳಿಗೆ ವರದಿ ಹೋಗಿಯಾಗಿದೆ,” ಎಂದ ಅವನು. “ಒಬ್ಬ ಬೆಳೆಗಾರನ ವಿಷಯ. ಮುಂದಿನ ವರ್ಷ ಮತ್ತೆ ಸೇರಿಸಿಕೊಳ್ಳೋಣ ಬಿಡಿ.”

“ಆ ಒಬ್ಬ ಬೆಳೆಗಾರ ನನ್ನ ಎದುರಿಗೇ ಕುಂತಾರ. ಈ ಮಾತು ಅವರಿಗೇ ಹೇಳ್ರಿ,” ಎಂದು ರೋಹಿಣಿ ಫೋನನ್ನು ಮಾಳಪ್ಪನ ಕೈಗೆ ಕೊಟ್ಟಳು. ಅತ್ತ ಕಡೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ಆಮೇಲೆ ಲೈನು ಕಟ್ಟಾಯಿತು.

ಮಾಳಪ್ಪ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. “ಇವರು ನಮ್ಮ ಹೊಲಾ ನೋಡ್ಯಾರೇನ್ರಿ ಅಕ್ಕಾರ?” ಎಂದಷ್ಟೇ ಕೇಳಿದರು. ರೋಹಿಣಿ ಎದ್ದು ಸರ್ವರ್ ಕೋಣೆಗೆ ನಡೆದಳು.

ಅಕೀಲ ಡೇಟಾ ಅಳಿಸಿರಲಿಲ್ಲ. “ಅಳಸ್ರಿ ಅಂತ ಮ್ಯಾಲಿನವರು ಎರಡ ಸಲ ಕೇಳ್ಯಾರ್ರಿ ಮೇಡಂ. ನಿಮ್ಮ ಒಪ್ಪಿಗಿ ಇರಲಿಲ್ಲ, ಅದಕ್ಕ ಬಿಟ್ಟೀನಿ,” ಎಂದ. ಆದರೆ ಅನುಮತಿಯಿಲ್ಲದೆ ತೆರೆಯುವುದು ರೋಹಿಣಿಗೂ ಬೇಡವಾಗಿತ್ತು. ಅಷ್ಟರಲ್ಲಿ ದೂರುಗಳ ಮೇಲೆ ಕೃಷಿ ಇಲಾಖೆಯ ಬೀಜ ಪರಿವೀಕ್ಷಕರು ಘಟಕಕ್ಕೆ ಬಂದರು. ಚೀಲದ ಬೀಜ ಯಾವ ಸುಗ್ಗಿಯದೆಂದು ಅವರು ಕೇಳಿದಾಗ ಘಟಕದ ಮುಖ್ಯಸ್ಥ ಕಾಶಿನಾಥರಿಗೆ ಈಆರ್‌ಪಿಯಲ್ಲಿ ಅದು ಸಿಗಲಿಲ್ಲ. ರೋಹಿಣಿ ಎಲ್ಲರೆದುರೇ ಎದ್ದು ನಿಂತು, “ಉತ್ತರ ಐತ್ರಿ. ಅದನ್ನ ನಾವ ಮುಚ್ಚಿಟ್ಟೀವಿ. ತೆಗಿಯಾಕ ನಿಮ್ಮ ಸಹಿ ಬೇಕು,” ಎಂದಳು. ಕಾಶಿನಾಥರು ಅಲ್ಲೇ ಸಹಿ ಮಾಡಿದರು.

ಬೀಜಮೂಲದ ಪ್ರತಿಯನ್ನು ಅಕೀಲ ಬೇರೆ ಸರ್ವರಿನಲ್ಲಿ, ಯಾರೂ ತಿದ್ದಲಾಗದಂತೆ, ಓದಲು ಮಾತ್ರ ತೆರೆದ. ಈಆರ್‌ಪಿ ಒಂದು ಅರ್ಧ ಹೇಳಿತು: ದೂರು ಬಂದ ಚೀಲಗಳನ್ನು ತುಂಬಿದ ದಿನ ಗೋದಾಮಿನ ಯಾವ ಸಾಲಿನಿಂದ ಕಾಳು ಇಳಿಸಿದ್ದರು ಎಂಬುದು. ಆ ಸಾಲಿನಲ್ಲಿ ಏನಿತ್ತು ಎಂಬ ಇನ್ನೊಂದು ಅರ್ಧವನ್ನು ಬೀಜಮೂಲ ಹೇಳಿತು. ಹಿಂದಿನ ಸುಗ್ಗಿಯ ಉಳಿಕೆ. ಮರುಪರೀಕ್ಷೆಯ ದಿನ ದಾಟಿ ತಿಂಗಳುಗಳಾಗಿದ್ದವು. ಮಾಳಪ್ಪನ ಬೀಜ ಬೇರೆಯೇ ಸಾಲಿನಲ್ಲಿತ್ತು, ಅದರ ಚೀಲಗಳು ಹೋದ ಊರುಗಳಿಂದ ಒಂದೂ ದೂರು ಬಂದಿರಲಿಲ್ಲ. ಸುಲ್ತಾನಾ ಅಷ್ಟಕ್ಕೇ ನಿಲ್ಲಲಿಲ್ಲ. ಪ್ರಯೋಗಾಲಯದಲ್ಲಿ ತೆಗೆದಿಟ್ಟಿದ್ದ ಮಾಳಪ್ಪನ ಬೀಜದ ಮಾದರಿಯನ್ನೂ ಹಳೆಯ ಬೀಜವನ್ನೂ ಹಸಿ ಕಾಗದದಲ್ಲಿ ಸುತ್ತಿ ಮೊಳಕೆಗೆ ಇಟ್ಟಳು. ವಾರ ಕಳೆದು ಬಿಚ್ಚಿದಾಗ ಒಂದರಲ್ಲಿ ಬಿಳಿ ಬೇರುಗಳು ತುಂಬಿದ್ದವು, ಇನ್ನೊಂದರಲ್ಲಿ ಬೂಸಲು.

ಕಂಪನಿ ಹಳೆಯ ಚೀಲಗಳನ್ನು ವಾಪಸ್ ತರಿಸಿತು. ಬಿತ್ತನೆಯ ಹದ ಇನ್ನೂ ಉಳಿದಿದ್ದ ಹೊಲಗಳಿಗೆ ಬೇರೆ ಬೀಜ ಕೊಟ್ಟಿತು, ಹದ ಆರಿದವರಿಗೆ ಪರಿಹಾರ ಒಪ್ಪಿಕೊಂಡಿತು. ಮಾಳಪ್ಪನಿಗೆ ಇನ್ನೊಂದು ಸಂದೇಶ ಬಂತು: ‘ತಾಂತ್ರಿಕ ಕಾರಣದಿಂದ ಆದ ವ್ಯತ್ಯಯ ಸರಿಪಡಿಸಲಾಗಿದೆ.’

ಅದನ್ನು ಓದಿ ರೋಹಿಣಿ ಕಾಶಿನಾಥರ ಕೋಣೆಗೆ ನುಗ್ಗಿದಳು. “ತಾಂತ್ರಿಕ ಕಾರಣ ಅಂದ್ರ ಏನ್ರಿ ಸರ್? ಹೇಳಿದ್ವಿ, ಬರದಕೊಟ್ವಿ, ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಇದು ಮನಶ್ಯಾರು ಮಾಡಿದ್ದು. ಮಾರಾಟದವರು ಆ ಮನಿ ಹೆಸರು ಊರೂರಿಗೆ ಕೆಡಿಸಿ ಬಂದಾರ. ಊರಾಗ ಹೋಗೇ ಹೇಳಬೇಕು.”

ಕಾಶಿನಾಥರು ಕುರ್ಚಿಯಿಂದ ಎದ್ದು, “ನಡೀರಿ, ಹೋಗೂಣು,” ಎಂದರು. ಸುದೀಪನನ್ನೂ ಕರೆದರು. ಅವನಿಗೆ ಬೇರೆ ಸಭೆಯಿತ್ತು.

ಯರಗುಪ್ಪಿಯ ಕಟ್ಟೆಯ ಮೇಲೆ ಜನ ಕೂಡಿದ್ದರು. ಕಾಶಿನಾಥರು ನಿಂತು, ಕೆಟ್ಟ ಬೀಜ ಕಂಪನಿಯದೇ ಹಳೆಯ ಉಳಿಕೆ, ಮಾಳಪ್ಪನವರದಲ್ಲ, ತಪ್ಪು ತಮ್ಮದು ಎಂದು ಹೇಳಿದರು. ಮಾಳಪ್ಪ ತಲೆ ಬಗ್ಗಿಸಿ ಕೇಳಿಸಿಕೊಂಡರು. ಮಲ್ಲಕ್ಕ ಮಾತ್ರ ಬಿಡಲಿಲ್ಲ.

“ಸಾಹೇಬ್ರ, ನೀವ ಬಂದ್ರಿ, ಹೇಳಿದ್ರಿ, ಚಲೋ ಆತು. ಆದ್ರ ಪರಿವೀಕ್ಷಕರು ಬರದಿದ್ರ ಬರ್ತಿದ್ರೇನ್ರಿ?”

ಬರುತ್ತಿರಲಿಲ್ಲ ಎಂದು ಕಾಶಿನಾಥರಿಗೂ ರೋಹಿಣಿಗೂ ಗೊತ್ತಿತ್ತು.

ಹೊಸ ಸುಗ್ಗಿ ಬರುವುದರೊಳಗೆ ಈಆರ್‌ಪಿಯಲ್ಲಿ ಪ್ರತಿ ರೈತನ ಬೀಜಕ್ಕೆ ಪ್ರತ್ಯೇಕ ಬ್ಯಾಚ್ ಬರುವಂತೆ ರೋಹಿಣಿ ಹೊಂದಿಸಿದಳು. ಓಪನಿಂಗ್ ಸ್ಟಾಕಿನ ಪ್ರತಿ ಸಾಲಿಗೂ ಸುಗ್ಗಿಯ ನಿಜವಾದ ವರ್ಷ ತುಂಬಿಸಿದಳು. ಮರುಪರೀಕ್ಷೆಯ ಎಚ್ಚರಿಕೆ ನೇರವಾಗಿ ಸುಲ್ತಾನಾಳಿಗೆ ಬರತೊಡಗಿತು. ಯಾವುದೇ ಸಾಫ್ಟ್‌ವೇರ್ ತೆಗೆಯುವ ಮುನ್ನ ಅದನ್ನು ದಿನವೂ ಬಳಸುವವರು ತಮ್ಮ ನಿಜವಾದ ಪ್ರಶ್ನೆಗಳನ್ನು ಹೊಸದಕ್ಕೆ ಕೇಳಿ ಉತ್ತರ ಪಡೆಯಬೇಕು, ಒಡೆತನ ಬದಲಾದರೆ ಹಳೆಯ ಒಡೆಯರ ಆಕ್ಷೇಪ ಬದಲಾಗದೆ ಉಳಿಯಬೇಕು ಎಂಬ ನಿಯಮವನ್ನೂ ಜಗಳವಾಡಿಯೇ ಬರೆಸಿದಳು. ಅದೆಲ್ಲ ಮುಗಿದು, ಹಳೆಯ ಕೊಂಡಿಗಳೆಲ್ಲ ಸುರಕ್ಷಿತವಾಗಿ ಸಂಗ್ರಹಕ್ಕೆ ಸೇರಿದ ಮೇಲೆ ಬೀಜಮೂಲವನ್ನು ಎರಡನೇ ಸಲ ಬಂದ್ ಮಾಡಿದರು. ಈ ಸಲ ಸಹಿ ಸುಲ್ತಾನಾಳದು. ಗುಂಡಿ ಒತ್ತಿದ್ದು ರೋಹಿಣಿಯೇ. ಅವಳಿಗೆ ದುಃಖವೇನೂ ಆಗಲಿಲ್ಲ.

ಆ ವರ್ಷ ಸಮೂಹದ ಸಭೆಯಲ್ಲಿ ಸುದೀಪನ ಕಾರ್ಯಕ್ರಮಕ್ಕೆ ಪ್ರಶಸ್ತಿ ಬಂತು. ಬಂದ್ ಆದವುಗಳ ಎಣಿಕೆಯಲ್ಲಿ ಬೀಜಮೂಲ ಮೊದಲ ಸಲ ಮುಚ್ಚಿದ ಮಾರ್ಚಿಯ ತಾರೀಖಿನಲ್ಲೇ ಇತ್ತು. ಅದನ್ನು ಪರದೆಯ ಮೇಲೆ ನೋಡಿದ ರೋಹಿಣಿ ಚಪ್ಪಾಳೆ ಮುಗಿಯುವವರೆಗೆ ಕಾಯದೆ ಎದ್ದು ಬಂದಳು.

ಮಾಳಪ್ಪ ಈಗ ಬೆಣ್ಣಿಹಳ್ಳಕ್ಕೆ ಬೀಜ ಕೊಡುವುದಿಲ್ಲ. ರೋಹಿಣಿ ಒಮ್ಮೆ ಮನೆಗೆ ಹೋಗಿ ಕೇಳಿದಳು. ಅವರು ಚಹಾ ಕೊಟ್ಟರು, ಬುತ್ತಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. “ನಿಮ್ಮ ಮ್ಯಾಲ ನಮಗ ಸಿಟ್ಟಿಲ್ರಿ ಅಕ್ಕಾರ,” ಎಂದರು. “ಆದ್ರ ಬೀಜ ಕೇಳಬ್ಯಾಡ್ರಿ.” ಅವಳು ಮತ್ತೆ ಕೇಳಲಿಲ್ಲ.